ಟ್ರಸ್ಟ್ ನಿಲ್ಲಲು ಮೂರು ಖಚಿತ ಮಾತು

ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಡೌನ್‌ಟನ್ ಎಂಬ ದೊಡ್ಡ ಜಮೀನುದಾರಿಕೆ ಇತ್ತು. ಕಬ್ಬಿಣದ ಕುಲುಮೆಗಳಿಂದ ಹಣ ಮಾಡಿದ ಅಜ್ಜನೊಬ್ಬ ಕಟ್ಟಿದ ಆಸ್ತಿ ಅದು. ಅದರ ಒಡೆಯ ರಿಚರ್ಡ್ ಪೇನ್ ನೈಟ್ ಮದುವೆಯಾಗಿರಲಿಲ್ಲ. ಹಳೆಯ ಕಂಚಿನ ವಿಗ್ರಹ, ನಾಣ್ಯಗಳನ್ನು ಕೂಡಿಡುವುದರಲ್ಲಿ ಹೆಸರಾಗಿದ್ದ ಆತ ಆ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ ಬಿಟ್ಟು, ಆಸ್ತಿಯನ್ನು ತಮ್ಮನಿಗೆ ಬರೆದು, 1824ರಲ್ಲಿ ತೀರಿಕೊಂಡ. ಉಯಿಲಿನ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದ. ಅದರ ಸಾರಾಂಶ ಇಷ್ಟು: ನನ್ನ ನಂತರ ಬರುವವರು ಹಳೆಯ ಆಳುಕಾಳುಗಳಿಗೂ ಒಕ್ಕಲುಗಳಿಗೂ ಅವರವರ ಯೋಗ್ಯತೆಗೆ ತಕ್ಕಂತೆ ಕೊಡುವ ಉದಾರತೆ ತೋರುತ್ತಾರೆಂದು ನಂಬಿದ್ದೇನೆ, ಅಜ್ಜನ ಇಚ್ಛೆಯಂತೆ ಆಸ್ತಿಯನ್ನು ಗಂಡುಸಂತಾನದಲ್ಲೇ ಮುಂದುವರಿಸುವ ನ್ಯಾಯಬುದ್ಧಿ ಅವರಿಗಿದೆಯೆಂದೂ ನಂಬಿದ್ದೇನೆ.

ತಮ್ಮ ಥಾಮಸ್ ಆಂಡ್ರ್ಯೂ ನೈಟ್ ಹಣ್ಣಿನ ಗಿಡಗಳ ತಳಿ ಬೆಳೆಸುವುದರಲ್ಲಿ ದೊಡ್ಡ ಹೆಸರು ಮಾಡಿದವನು. ಅವನ ಒಬ್ಬನೇ ಮಗ ಅವನ ಕಣ್ಣೆದುರೇ ತೀರಿಹೋದ. ಆಗ ಆತ ಆಸ್ತಿ ಮಗಳ ಕಡೆಗೆ ಹೋಗುವಂತೆ ಮಾಡಿ, 1838ರಲ್ಲಿ ಕಣ್ಣುಮುಚ್ಚಿದ. ಗಂಡುಸಂತಾನದ ಸಾಲಿನಲ್ಲಿದ್ದ ದಾಯಾದಿ ಕೋರ್ಟಿಗೆ ಹೋದ. ಅವನ ವಾದ ಸರಳವಾಗಿತ್ತು: ಉಯಿಲಿನಲ್ಲಿ 'ನಂಬಿದ್ದೇನೆ' ಎಂದು ಬರೆದಿದೆ, ಆದ್ದರಿಂದ ತಮ್ಮನಿಗೆ ಆಸ್ತಿ ಸಿಕ್ಕಿದ್ದು ಸ್ವಂತಕ್ಕಲ್ಲ, ಗಂಡುಸಂತಾನದ ಪರವಾಗಿ ಹಿಡಿದಿಟ್ಟುಕೊಳ್ಳುವುದಕ್ಕೆ, ಅದು ಟ್ರಸ್ಟ್ ಆಸ್ತಿ.

1840ರಲ್ಲಿ ನ್ಯಾಯಾಧೀಶ ಲಾರ್ಡ್ ಲ್ಯಾಂಗ್‌ಡೇಲ್ ಈ ವಾದವನ್ನು ಒಪ್ಪಲಿಲ್ಲ. ಒಪ್ಪದಿರಲು ಅವರು ಕೊಟ್ಟ ಕಾರಣ ಇಂದಿಗೂ ಟ್ರಸ್ಟ್ ಕಾನೂನಿನ ಮೊದಲ ಪಾಠ. ಆಸ್ತಿಯನ್ನು ಕೊಟ್ಟವನು ತನ್ನ ಮಾತಿನಿಂದ ಟ್ರಸ್ಟ್ ಹುಟ್ಟಿಸಬೇಕಾದರೆ ಮೂರು ಸಂಗತಿ ಖಚಿತವಾಗಿರಬೇಕು. ಒಂದು, ಪಡೆದವನನ್ನು ಕಟ್ಟಿಹಾಕುವ ಇರಾದೆ ಇತ್ತೆಂಬುದು. ಎರಡು, ಯಾವ ಸ್ವತ್ತು ಎಂಬುದು. ಮೂರು, ಯಾರಿಗಾಗಿ ಎಂಬುದು. ನೈಟ್‌ನ ಉಯಿಲಿನಲ್ಲಿ ಈ ಮೂರೂ ಮಸುಕಾಗಿದ್ದವು. ಆತ ವಾರಸುದಾರರ ಉದಾರತೆ, ನ್ಯಾಯಬುದ್ಧಿಗಳಿಗೆ ಮೊರೆಯಿಟ್ಟಿದ್ದನೇ ಹೊರತು ಅವರ ಮೇಲೆ ಕಟ್ಟಳೆ ಹೇರಿರಲಿಲ್ಲ. ಆಸ್ತಿ ಮಗಳ ಕಡೆಯವರಲ್ಲೇ ಉಳಿಯಿತು.

ಕೋರ್ಟಿಗೆ ಗೊತ್ತಾಗಬೇಕು

ಈ ಮೂರನ್ನೇ ಯಾಕೆ ಕೇಳುತ್ತಾರೆ ಎಂದು ತಿಳಿಯಲು ಟ್ರಸ್ಟ್ ಎಂದರೇನೆಂದು ಮೊದಲು ನೋಡೋಣ. ನಮ್ಮಲ್ಲಿ ಟ್ರಸ್ಟ್ ಎಂದ ಕೂಡಲೇ ಆಸ್ಪತ್ರೆ, ಶಾಲೆ, ದೇವಸ್ಥಾನಗಳ ಬೋರ್ಡು ಕಣ್ಣಿಗೆ ಬರುತ್ತದೆ. ಕಾನೂನಿನಲ್ಲಿ ಅದರ ಅರ್ಥ ಇನ್ನೂ ಸಾಮಾನ್ಯವಾದದ್ದು. ಸ್ವತ್ತು ಒಬ್ಬರ ಹೆಸರಿನಲ್ಲಿರುತ್ತದೆ, ಅದರ ಫಲ ಮತ್ತೊಬ್ಬರಿಗೆ ಸೇರಬೇಕಾಗಿರುತ್ತದೆ. ಹೆಸರು ಹೊತ್ತವರು ಟ್ರಸ್ಟಿ, ಫಲ ಸೇರಬೇಕಾದವರು ಫಲಾನುಭವಿ. ಸ್ವತ್ತಿನ ಒಡೆಯರು ತಾವೇ ತಿಳಿದು, ಮಾತಿನಲ್ಲೋ ಬರಹದಲ್ಲೋ ಇಂಥ ಏರ್ಪಾಡು ಮಾಡಿದರೆ ಅದನ್ನು ಎಕ್ಸ್‌ಪ್ರೆಸ್ ಟ್ರಸ್ಟ್ ಎನ್ನುತ್ತಾರೆ.

ಟ್ರಸ್ಟಿ ಒಳ್ಳೆಯವರಾಗಿದ್ದು, ಬದುಕಿದ್ದು, ಮಾತಿನಂತೆ ನಡೆದರೆ ಯಾವ ತಂಟೆಯೂ ಇಲ್ಲ. ಅವರು ಮಾತು ತಪ್ಪಿದಾಗ ಅಥವಾ ತೀರಿಕೊಂಡಾಗ ಫಲಾನುಭವಿ ಕೋರ್ಟಿನ ಬಾಗಿಲಿಗೆ ಹೋಗುತ್ತಾರೆ. ಆಗ ನ್ಯಾಯಾಧೀಶರು ಟ್ರಸ್ಟಿಗೆ ಆಜ್ಞೆ ಮಾಡಬೇಕು, ಬೇಕಾದರೆ ಬೇರೆ ಟ್ರಸ್ಟಿಯನ್ನು ನೇಮಿಸಿ ಕೆಲಸ ಮುಗಿಸಬೇಕು. ಆ ಕುಟುಂಬದ ಒಳಮಾತು ನ್ಯಾಯಾಧೀಶರಿಗೆ ತಿಳಿದಿರುವುದಿಲ್ಲ, ಅವರ ಮುಂದಿರುವುದು ಕಾಗದ ಮತ್ತು ಸಾಕ್ಷ್ಯ ಮಾತ್ರ. ಯಾರನ್ನು ಕಟ್ಟಿಹಾಕಬೇಕು, ಯಾವ ಸ್ವತ್ತಿನ ಬಗ್ಗೆ, ಯಾರಿಗೆ ಕೊಡಿಸಬೇಕು ಎಂಬ ಮೂರು ಪ್ರಶ್ನೆಗೆ ಅಲ್ಲಿ ಉತ್ತರ ಸಿಗದಿದ್ದರೆ ಆಜ್ಞೆ ಬರೆಯಲು ಸಾಧ್ಯವೇ ಇಲ್ಲ. ಹಾಗೆ ಕೋರ್ಟು ನಡೆಸಲಾಗದ್ದು ಟ್ರಸ್ಟೂ ಅಲ್ಲ. ಮುಂದೆ ಬರುವ ಒಂದೊಂದು ಮೊಕದ್ದಮೆಯೂ ಈ ಒಂದೇ ಮಾತಿಗೆ ಬಂದು ನಿಲ್ಲುತ್ತದೆ.

ಇದು ಇಂಗ್ಲೆಂಡಿನಲ್ಲಿ ಹುಟ್ಟಿದ ಕಾನೂನಾದರೂ ನಮಗೆ ಪರಕೀಯವಲ್ಲ. ಖಾಸಗಿ ಟ್ರಸ್ಟ್‌ಗಳಿಗೆ ನಮ್ಮಲ್ಲಿ ಇಂದಿಗೂ ಅನ್ವಯವಾಗುವ ಭಾರತೀಯ ಟ್ರಸ್ಟ್ ಕಾಯ್ದೆ 1882ರದ್ದು. ಲ್ಯಾಂಗ್‌ಡೇಲ್ ಹೇಳಿದ ಮೂರನ್ನೂ ಅದರ 6ನೇ ಕಲಂ ಬರಹಕ್ಕಿಳಿಸಿದೆ. ಇರಾದೆ, ಫಲಾನುಭವಿ, ಸ್ವತ್ತು ಇವುಗಳ ಜೊತೆಗೆ ಟ್ರಸ್ಟಿನ ಉದ್ದೇಶವೂ ತಕ್ಕಮಟ್ಟಿಗೆ ಖಚಿತವಾಗಿ ಕಾಣಬೇಕೆಂದು ಅದು ಕೇಳುತ್ತದೆ. ಉಯಿಲಿನ ಮೂಲಕ ಮಾಡಿದ ಟ್ರಸ್ಟ್ ಅಥವಾ ಒಡೆಯರೇ ಟ್ರಸ್ಟಿಯಾದ ಸಂದರ್ಭ ಬಿಟ್ಟರೆ, ಸ್ವತ್ತನ್ನು ಟ್ರಸ್ಟಿಗೆ ವರ್ಗಾಯಿಸಿರಲೂಬೇಕು. ಆ ಕಲಮಿನ ಕೆಳಗೆ ಕಾಯ್ದೆಯೇ ಐದು ಪುಟ್ಟ ಉದಾಹರಣೆಗಳನ್ನು ಕೊಟ್ಟಿದೆ. ಅವುಗಳಲ್ಲಿ ಕೆಲವನ್ನು ಮುಂದೆ ನೋಡುತ್ತೇವೆ.

ಇರಾದೆ: ಆಸೆಯೋ, ಕಟ್ಟಳೆಯೋ?

ಮೊದಲ ಪ್ರಶ್ನೆಯಲ್ಲೇ ಹೆಚ್ಚು ಜನ ಎಡವುತ್ತಾರೆ. 'ಹೀಗೆ ಮಾಡಲಿ ಎಂದು ನನ್ನ ಆಸೆ', 'ಮಾಡುತ್ತಾಳೆಂಬ ಪೂರ್ಣ ಭರವಸೆ ಇದೆ' ಎನ್ನುವುದೂ 'ಹೀಗೆ ಮಾಡತಕ್ಕದ್ದು' ಎನ್ನುವುದೂ ಮನೆಯ ಮಾತಿನಲ್ಲಿ ಒಂದೇ. ಗೌರವದಿಂದ ಹೇಳುವಾಗ ನಾವು ಮೊದಲಿನದನ್ನೇ ಆರಿಸಿಕೊಳ್ಳುತ್ತೇವೆ. ಕೋರ್ಟಿನಲ್ಲಿ ಮಾತ್ರ ಇವೆರಡರ ನಡುವೆ ಅಜಗಜಾಂತರ.

1884ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಮಾನವಾದ ಆಡಮ್ಸ್ ಮೊಕದ್ದಮೆಯಲ್ಲಿ ಗಂಡ ತನ್ನ ಆಸ್ತಿಯನ್ನೆಲ್ಲ ಹೆಂಡತಿಗೆ ಪೂರ್ತಿಯಾಗಿ ಬಿಟ್ಟಿದ್ದ. ಮಕ್ಕಳ ನಡುವೆ ಅದನ್ನು ಹಂಚುವಾಗ ಆಕೆ ಸರಿಯಾದದ್ದನ್ನೇ ಮಾಡುತ್ತಾಳೆಂಬ ಪೂರ್ಣ ಭರವಸೆ ತನಗಿದೆಯೆಂದು ಬರೆದಿದ್ದ. ಇದು ಟ್ರಸ್ಟ್ ಅಲ್ಲ ಎಂದಿತು ಕೋರ್ಟು. ಹೆಂಡತಿಗೆ ಕೊಟ್ಟಿದ್ದು ಕೊಟ್ಟಂತೆಯೇ. ಮಕ್ಕಳಿಗೆ ನ್ಯಾಯ ಮಾಡುವುದು ಅವಳ ಮನಸ್ಸಾಕ್ಷಿಗೆ ಬಿಟ್ಟದ್ದು, ಕಾನೂನು ಅದನ್ನು ಬಲವಂತವಾಗಿ ಮಾಡಿಸಲಾರದು.

ಇದಾದ ಇಪ್ಪತ್ತೊಂದು ವರ್ಷಕ್ಕೆ, 1905ರಲ್ಲಿ, ಹೆಚ್ಚುಕಡಿಮೆ ಅದೇ ಮಾತಿದ್ದ ಇನ್ನೊಂದು ಉಯಿಲು ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಹ್ಯಾನ್‌ಬರಿ ಎಂಬಾತ ಆಸ್ತಿಯನ್ನು ಹೆಂಡತಿಗೆ ಪೂರ್ತಿಯಾಗಿ ಕೊಟ್ಟು, ಆಕೆ ತನ್ನ ಕಾಲಾನಂತರ ಅದನ್ನು ಅವನ ಅಣ್ಣತಮ್ಮ, ಅಕ್ಕತಂಗಿಯರ ಹೆಣ್ಣುಮಕ್ಕಳಲ್ಲಿ ತನಗೆ ಸರಿಕಂಡವರಿಗೆ ಬಿಡುತ್ತಾಳೆಂಬ ಪೂರ್ಣ ಭರವಸೆ ಹೇಳಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಡಮ್ಸ್ ಮೊಕದ್ದಮೆಯ ಹಾದಿಯನ್ನೇ ಇದೂ ಹಿಡಿಯಬಹುದಿತ್ತು. ಆದರೆ ಆತ ಇನ್ನೊಂದು ವಾಕ್ಯ ಸೇರಿಸಿದ್ದ: ಆಕೆ ಹಾಗೆ ಬರೆಯದೆ ಹೋದರೆ, ಅವಳ ಮರಣದ ನಂತರ ಆಸ್ತಿ ಆ ಹುಡುಗಿಯರಲ್ಲಿ ಬದುಕಿರುವವರಿಗೆ ಸಮನಾಗಿ ಹಂಚಿಹೋಗಬೇಕೆಂದು ಆಜ್ಞಾಪಿಸುತ್ತೇನೆ. ಈ ವಾಕ್ಯ ಇದ್ದುದರಿಂದ ಹೆಂಡತಿಯ ಇಷ್ಟಕ್ಕೆ ಏನನ್ನೂ ಬಿಟ್ಟಿಲ್ಲವೆಂದು ನ್ಯಾಯಾಧೀಶರಿಗೆ ಸ್ಪಷ್ಟವಾಯಿತು. ಆಸ್ತಿ ಕಟ್ಟಿಗೊಳಗಾಗಿದೆ ಎಂದರು.

ಹಾಗಾಗಿ 'ಭರವಸೆ' ಎಂಬ ಪದವಿದ್ದರೆ ಟ್ರಸ್ಟ್ ಆಗುತ್ತದೆಂದಾಗಲಿ ಆಗುವುದಿಲ್ಲವೆಂದಾಗಲಿ ಸೂತ್ರ ಕಟ್ಟುವಂತಿಲ್ಲ. ನಮ್ಮ ಕಾಯ್ದೆಯ ಮೊದಲ ಉದಾಹರಣೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಸ್ವತ್ತು ಕೊಟ್ಟು, ಮೂರನೆಯ ಒಬ್ಬ ನಿರ್ದಿಷ್ಟ ವ್ಯಕ್ತಿಯ ಹಿತಕ್ಕಾಗಿ ಅದನ್ನು ವಿನಿಯೋಗಿಸುತ್ತಾರೆಂಬ ಪೂರ್ಣ ಭರವಸೆ ಹೇಳಿದರೆ ಅದು ಟ್ರಸ್ಟೇ. ಕೋರ್ಟು ಓದುವುದು ಇಡೀ ದಸ್ತಾವೇಜನ್ನು. ಪಡೆದವರು ಆ ಮಾತನ್ನು ನಡೆಸದೆ ಹೋದರೆ ಏನಾಗಬೇಕೆಂದು ಬರೆದವರು ಯೋಚಿಸಿದ್ದರೇ ಎಂಬುದನ್ನು ಅದರಲ್ಲಿ ಹುಡುಕುತ್ತದೆ.

ಬರಹವೇ ಇಲ್ಲದಿದ್ದಾಗ ನಡವಳಿಕೆಯೇ ಸಾಕ್ಷಿ. ಇಂಗ್ಲೆಂಡಿನ ಎರಡು ಕುಟುಂಬಗಳ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. 1865ರ ಜೋನ್ಸ್ ಮೊಕದ್ದಮೆಯಲ್ಲಿ ತಂದೆಯೊಬ್ಬ ವ್ಯಾಪಾರದ ಕೆಲಸ ಮುಗಿಸಿ ಊರಿಗೆ ಮರಳಿದ. ಮಗುವಿಗೆ ಏನೂ ತರಲಿಲ್ಲವೆಂದು ಮನೆಯಲ್ಲಿ ಆಕ್ಷೇಪಣೆ ಬಂತು. ಆತ 900 ಪೌಂಡಿನ ಚೆಕ್ಕನ್ನು ಹಸುಗೂಸಿನ ಕೈಗಿತ್ತು, ಇದು ಮಗುವಿಗೇ, ಅವನಿಗಾಗಿ ತೆಗೆದಿಡುತ್ತೇನೆ ಎಂದ. ಆಮೇಲೆ ಚೆಕ್ಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಚೆಕ್ಕು ಅವನ ಹೆಸರಿನಲ್ಲೇ ಇತ್ತು, ಹಿಂಬರಹ ಬರೆದು ಕೊಟ್ಟಿರಲಿಲ್ಲ. ಆತ ಮಾಡಹೊರಟಿದ್ದು ದಾನ, ಆ ದಾನ ಪೂರ್ತಿಯಾಗಲಿಲ್ಲ. ಅರ್ಧಕ್ಕೆ ನಿಂತ ದಾನವನ್ನು ಟ್ರಸ್ಟ್ ಎಂದು ಕರೆದು ಉಳಿಸಲು ನ್ಯಾಯಾಲಯ ಒಪ್ಪಲಿಲ್ಲ. ಮಗುವಿಗೆ ಆ ಹಣ ಸಿಗಲಿಲ್ಲ.

ಇನ್ನೊಂದು 1970ರ ದಶಕದ್ದು. ಕಾನ್‌ಸ್ಟನ್ಸ್ ಎಂಬಾತ ಹೆಂಡತಿಯಿಂದ ದೂರವಾಗಿ ಪಾಲ್ ಎಂಬಾಕೆಯೊಡನೆ ಸಂಸಾರ ಹೂಡಿದ್ದ. ಕೆಲಸದಲ್ಲಿ ಪೆಟ್ಟಾಗಿದ್ದಕ್ಕೆ ಸಿಕ್ಕ 950 ಪೌಂಡ್ ಪರಿಹಾರವನ್ನು ಬ್ಯಾಂಕಿಗೆ ಹಾಕಿದ. ಮದುವೆಯಾಗದವರು ಜಂಟಿ ಖಾತೆ ತೆರೆಯುವುದು ಮುಜುಗರವೆಂದು ಖಾತೆ ಅವನೊಬ್ಬನ ಹೆಸರಿನಲ್ಲಿತ್ತು. ಆದರೆ ಈ ಹಣ ನನ್ನದೆಷ್ಟೋ ನಿನ್ನದೂ ಅಷ್ಟೇ ಎಂದು ಅವಳಿಗೆ ಮತ್ತೆ ಮತ್ತೆ ಹೇಳುತ್ತಿದ್ದ. ಇಬ್ಬರೂ ಸೇರಿ ಬಿಂಗೋ ಆಟದಲ್ಲಿ ಗೆದ್ದದ್ದೂ ಆ ಖಾತೆಗೇ ಹೋಯಿತು. ಒಮ್ಮೆ ತೆಗೆದ ಹಣವನ್ನು ಇಬ್ಬರೂ ಹಂಚಿಕೊಂಡಿದ್ದರು. ಉಯಿಲು ಬರೆಯದೆ ಆತ ತೀರಿಕೊಂಡಾಗ ಕಾನೂನಿನ ಪ್ರಕಾರ ಹೆಂಡತಿಯಾಗಿದ್ದವಳು ಹಣ ಕೇಳಿದಳು. 'ಟ್ರಸ್ಟ್' ಎಂಬ ಶಬ್ದ ಆತನ ಬಾಯಲ್ಲಿ ಬಂದೇ ಇರಲಿಲ್ಲ. ಆದರೂ ಕೋರ್ಟು ಮಾತು, ನಡತೆ ಎರಡನ್ನೂ ಒಟ್ಟಿಗೆ ನೋಡಿ, ಅರ್ಧ ಹಣ ಪಾಲ್‌ಗಾಗಿ ಟ್ರಸ್ಟಿನಲ್ಲಿತ್ತು ಎಂದಿತು. ತಂದೆ ಒಂದು ಗಳಿಗೆಯ ಅಕ್ಕರೆಯಲ್ಲಿ ಆಡಿದ ಮಾತಿಗಿಂತ, ತಿಂಗಳುಗಟ್ಟಲೆ ಹೇಳಿ ಅದರಂತೆ ನಡೆದ ಮಾತು ತೂಕದ್ದಾಯಿತು.

ಸ್ವತ್ತು: ಯಾವುದು, ಎಷ್ಟು?

ಎರಡನೆಯ ಪ್ರಶ್ನೆ ಸ್ವತ್ತಿನದು. 'ನನ್ನ ಆಸ್ತಿಯ ಬಹುಪಾಲು', 'ಉಳಿದದ್ದರಲ್ಲಿ ಒಂದಷ್ಟು' ಎಂದು ಬರೆಯುವವರು ನಮ್ಮಲ್ಲಿ ಕಡಿಮೆಯೇನಲ್ಲ. ನಮ್ಮ ಕಾಯ್ದೆಯ ನಾಲ್ಕನೆಯ ಉದಾಹರಣೆ ಇದೇ. ಒಬ್ಬರು ಇನ್ನೊಬ್ಬರಿಗೆ ಆಸ್ತಿ ಬಿಟ್ಟು, ಅದರ ಬಹುಪಾಲನ್ನು ಮೂರನೆಯವರ ಮಕ್ಕಳಿಗೆ ಹಂಚಬೇಕೆಂದು ಬಯಸಿದರೆ ಟ್ರಸ್ಟ್ ಹುಟ್ಟುವುದಿಲ್ಲ. ಬಹುಪಾಲು ಎಂದರೆ ಅರ್ಧಕ್ಕಿಂತ ಹೆಚ್ಚು ಎಂಬುದೇನೋ ಸರಿ. ಆದರೆ ಐವತ್ತೊಂದು ಭಾಗವೋ, ಎಂಬತ್ತೋ, ತೊಂಬತ್ತೋ? ಆ ಅಂಕಿಯನ್ನು ನ್ಯಾಯಾಧೀಶರು ತಮ್ಮ ಮನಸ್ಸಿನಿಂದ ತುಂಬುವ ಹಾಗಿಲ್ಲ.

ಹಾಗೆಂದು ರೂಪಾಯಿ, ಪೈಸೆಯ ಲೆಕ್ಕವನ್ನೇ ಬರೆಯಬೇಕೆಂದಿಲ್ಲ. ಲೆಕ್ಕ ಹಾಕುವ ಅಳತೆಗೋಲು ಇದ್ದರೆ ಸಾಕು. 1965ರಲ್ಲಿ ಇಂಗ್ಲೆಂಡಿನ ಕೋರ್ಟೊಂದು, ಒಬ್ಬಾಕೆಗೆ ತನ್ನ ಸ್ವತ್ತುಗಳಿಂದ 'ತಕ್ಕಷ್ಟು ಆದಾಯ' ಕೊಡಬೇಕೆಂದು ಬರೆದ ಉಯಿಲನ್ನು ಎತ್ತಿಹಿಡಿಯಿತು. ಆಕೆ ಹಿಂದಿನಿಂದ ಬದುಕಿದ್ದ ರೀತಿಗೆ ತಕ್ಕಷ್ಟು ಎಷ್ಟೆಂದು ಸಾಕ್ಷ್ಯ ನೋಡಿ ನಿರ್ಧರಿಸಬಹುದು. 'ಬಹುಪಾಲು' ಎನ್ನುವುದಕ್ಕೆ ಅಂಥ ಅಳತೆಗೋಲಿಲ್ಲ.

ಸ್ವತ್ತು ಎಷ್ಟೆಂದು ಗೊತ್ತಿದ್ದೂ ಯಾವುದೆಂದು ಗೊತ್ತಿಲ್ಲದಿದ್ದರೂ ಟ್ರಸ್ಟ್ ಬೀಳುತ್ತದೆ. ಚಿನ್ನ ಕೊಳ್ಳುವ ನಮ್ಮವರು ತಿಳಿದಿರಬೇಕಾದ ಮೊಕದ್ದಮೆಯೊಂದಿದೆ. ನ್ಯೂಜಿಲೆಂಡಿನ ಗೋಲ್ಡ್‌ಕಾರ್ಪ್ ಎಂಬ ಕಂಪನಿ ಜನರಿಂದ ಹಣ ಪಡೆದು, ಚಿನ್ನ ಕೊಂಡಿದ್ದೀರಿ ಎಂಬ ಪ್ರಮಾಣಪತ್ರ ಕೊಡುತ್ತಿತ್ತು. ಲೋಹವನ್ನು ತನ್ನಲ್ಲೇ ಇಟ್ಟುಕೊಳ್ಳುವುದಾಗಿ, ಕೇಳಿದಾಗ ಕೊಡುವುದಾಗಿ ಹೇಳಿತ್ತು. 1988ರಲ್ಲಿ ಕಂಪನಿ ಮುಳುಗಿತು. ಚಿನ್ನ ತಮ್ಮದು, ಕಂಪನಿ ಬರೀ ಟ್ರಸ್ಟಿ ಎಂದು ಗ್ರಾಹಕರು ವಾದಿಸಿದರು. 1994ರಲ್ಲಿ ಪ್ರಿವಿ ಕೌನ್ಸಿಲ್, ಹೆಚ್ಚಿನ ಗ್ರಾಹಕರ ವಾದವನ್ನು ತಳ್ಳಿಹಾಕಿತು. ಇಂಥವರ ಗಟ್ಟಿ ಇದು ಎಂದು ಕಂಪನಿ ಯಾವುದನ್ನೂ ಎತ್ತಿ ಬೇರೆ ಇಟ್ಟಿರಲಿಲ್ಲ. ಬೇರೆ ಇಡದ ಲೋಹದ ಮೇಲೆ ಟ್ರಸ್ಟ್ ಕೂರುವುದೆಲ್ಲಿ? ಅವರು ಉಳಿದ ಸಾಲಗಾರರಂತೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಅದೇ 1994ರಲ್ಲಿ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್ ಕಂಪನಿ ಷೇರುಗಳ ವಿಚಾರದಲ್ಲಿ ಬೇರೆ ಮಾತು ಹೇಳಿತು. ಒಬ್ಬನ ಬಳಿ 950 ಷೇರುಗಳಿದ್ದು, ಅದರಲ್ಲಿ 50ನ್ನು ಇನ್ನೊಬ್ಬನಿಗಾಗಿ ಹಿಡಿದಿದ್ದೇನೆಂದು ಹೇಳಿದ್ದ. ಯಾವ 50 ಎಂದು ಗುರುತಿಸಿರಲಿಲ್ಲ. ಆದರೂ ಟ್ರಸ್ಟ್ ನಿಂತಿತು. ಒಂದೇ ಕಂಪನಿಯ ಒಂದೇ ಬಗೆಯ ಷೇರಿನಲ್ಲಿ ಇದು ಅದು ಎಂಬ ವ್ಯತ್ಯಾಸವೇ ಇಲ್ಲವೆಂಬುದು ಕಾರಣ. ಈ ತೀರ್ಪನ್ನು ಟೀಕಿಸಿದವರೂ ಬಹಳ. ಆದ್ದರಿಂದ ನಮ್ಮ ಮಟ್ಟಿಗೆ ಪಾಠ ಒಂದೇ: ಬೇರೆ ಇಡಬಹುದಾದದ್ದನ್ನು ಬೇರೆ ಇಡಿ, ಸರ್ವೆ ನಂಬರು, ಖಾತೆ ಸಂಖ್ಯೆ, ಠೇವಣಿ ರಸೀದಿಯ ಸಂಖ್ಯೆಯನ್ನು ಬರೆಯಿರಿ.

ಫಲಾನುಭವಿ: ಯಾರಿಗೆ ಕೊಡಿಸಬೇಕು?

ಮೂರನೆಯದು ಫಲಾನುಭವಿಯ ಪ್ರಶ್ನೆ. 'ಆಸ್ತಿ ನಮ್ಮ ಕುಟುಂಬದಲ್ಲೇ ಮುಂದುವರಿಯಲಿ ಎಂದು ಹಾರೈಸಿ' ಕೊಟ್ಟರೆ ಟ್ರಸ್ಟ್ ಆಗದು ಎನ್ನುತ್ತದೆ ಕಾಯ್ದೆಯ ಎರಡನೆಯ ಉದಾಹರಣೆ. ಇಂಥವರ ಕುಟುಂಬದಲ್ಲಿ ಅತ್ಯಂತ ಅರ್ಹರೆಂದು ನಿನಗೆ ತೋರಿದವರಿಗೆ ಹಂಚು ಎಂದು ಕೋರಿದರೂ ಆಗದು ಎನ್ನುತ್ತದೆ ಮೂರನೆಯದು. ಕುಟುಂಬವೆಂದರೆ ಹೆಂಡತಿ ಮಕ್ಕಳೇ, ಸೊಸೆಯೂ ಸೇರಿದಳೇ, ದಾಯಾದಿಗಳೂ ಬಂದರೇ? ಅರ್ಹರು ಎಂದರೆ ಓದಿದವರೇ, ಬಡವರೇ, ಸೇವೆ ಮಾಡಿದವರೇ? ಒಬ್ಬೊಬ್ಬರ ಉತ್ತರ ಒಂದೊಂದು.

ಇಂಗ್ಲೆಂಡಿನ ಕಾನೂನು ಇಲ್ಲಿ ಸ್ವಲ್ಪ ಸಡಿಲವಾಗಿದೆ. ಬರ್ಟ್ರಮ್ ಬೇಡನ್ ಎಂಬ ಉದ್ಯಮಿ 1941ರಲ್ಲಿ ತನ್ನ ಕಂಪನಿಯ ನೌಕರರು, ಮಾಜಿ ನೌಕರರು, ಅವರ ಬಂಧುಗಳು ಮತ್ತು ಅವಲಂಬಿತರ ಸಲುವಾಗಿ ನಿಧಿ ಸ್ಥಾಪಿಸಿದ. ಯಾರಿಗೆ ಎಷ್ಟೆಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿದ್ದ. ಇಂಥ ನಿಧಿಗೆ ಎಲ್ಲ ಫಲಾನುಭವಿಗಳ ಪೂರ್ಣ ಪಟ್ಟಿ ಬೇಕೆಂಬ ಹಳೆಯ ನಿಯಮವನ್ನು 1970ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕೈಬಿಟ್ಟಿತು. ಮುಂದೆ ಬಂದು ನಿಂತ ಯಾರೇ ಆಗಲಿ, ಅವರು ಆ ವರ್ಗಕ್ಕೆ ಸೇರಿದವರು ಅಥವಾ ಸೇರದವರು ಎಂದು ಹೇಳಲು ಬಂದರೆ ಸಾಕು ಎಂದಿತು. ನೌಕರ ಎಂದರೆ ಯಾರೆಂದು ದಾಖಲೆ ನೋಡಿ ಹೇಳಬಹುದು, ಅರ್ಹ ಎಂದರೆ ಯಾರೆಂದು ಯಾವ ದಾಖಲೆಯೂ ಹೇಳುವುದಿಲ್ಲ. ಆ ತೀರ್ಪು ನಮ್ಮ ಕಾಯ್ದೆಯ ಉದಾಹರಣೆಯನ್ನು ಅಳಿಸಿಲ್ಲ ಎಂಬುದನ್ನೂ ನೆನಪಿಡಬೇಕು.

ಸಾರ್ವಜನಿಕ ದತ್ತಿಗಳ ಮಾತು ಬೇರೆ. ಊರಿನ ಬಡಮಕ್ಕಳ ಓದಿಗೆ ಎಂದು ಇಟ್ಟ ಹಣಕ್ಕೆ ಮಕ್ಕಳ ಹೆಸರಿನ ಪಟ್ಟಿ ಯಾರೂ ಕೇಳುವುದಿಲ್ಲ. 1882ರ ಕಾಯ್ದೆ ಅವುಗಳಿಗೆ ಅನ್ವಯಿಸುವುದೂ ಇಲ್ಲ. ಆದರೆ ಉದ್ದೇಶವಾದರೂ ಕೋರ್ಟು ಗುರುತಿಸುವಂತಿರಬೇಕು. ಬೊಂಬಾಯಿಯಿಂದ ಹೋದ ಒಂದು ಮೊಕದ್ದಮೆಯಲ್ಲಿ ಉಯಿಲು ಬರೆದಾತ ತನ್ನ ಆಸ್ತಿಯಲ್ಲಿ ಉಳಿದದ್ದನ್ನು ಟ್ರಸ್ಟಿಗಳು 'ಧರ್ಮಕ್ಕೆ' ವಿನಿಯೋಗಿಸಬೇಕೆಂದು ಬರೆದಿದ್ದ. 1899ರಲ್ಲಿ ಪ್ರಿವಿ ಕೌನ್ಸಿಲ್ ಅದನ್ನು ರದ್ದುಮಾಡಿತು. ಆ ಒಂದು ಪದದೊಳಗೆ ಎಷ್ಟು ಬಗೆಯ ಕೆಲಸವಾದರೂ ಅಡಗೀತು, ಟ್ರಸ್ಟಿಗಳು ತಪ್ಪಿದರೆ ಹಿಡಿತದಲ್ಲಿಡಲು ಕೋರ್ಟಿಗೆ ದಾರಿಯೇ ಇಲ್ಲ ಎಂಬುದು ಕಾರಣ. ದಾನ ಧರ್ಮಕ್ಕೆ ಎಂದು ಶ್ರದ್ಧೆಯಿಂದ ಬರೆದಿಡುವ ಹಿರಿಯರಿಗೆ ಈ ತೀರ್ಪು ಕಠಿಣವೆನಿಸಬಹುದು. ಇಂಥ ಊರಿನ ಇಂಥ ಶಾಲೆಯ ಮಧ್ಯಾಹ್ನದ ಊಟಕ್ಕೆ, ಇಂಥ ಆಸ್ಪತ್ರೆಯ ಬಡರೋಗಿಗಳ ಔಷಧಿಗೆ ಎಂದು ಬರೆದಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ.

ಬಿದ್ದರೆ ಆಸ್ತಿ ಯಾರ ಪಾಲು?

ಟ್ರಸ್ಟ್ ಬಿತ್ತೆಂದರೆ ಎಲ್ಲ ಸಲವೂ ಫಲ ಒಂದೇ ಅಲ್ಲ. ಇರಾದೆ ಖಚಿತವಿಲ್ಲದಿದ್ದರೆ ಪಡೆದವರ ಕೈಯಲ್ಲೇ ಆಸ್ತಿ ಅವರ ಸ್ವಂತದ್ದಾಗಿ ಉಳಿಯುತ್ತದೆ; ಆಡಮ್ಸ್‌ನ ಹೆಂಡತಿಗೆ ಆದದ್ದು ಅದೇ. ಟ್ರಸ್ಟಿಯಾಗಿರಬೇಕೆಂಬುದು ಖಚಿತವಾಗಿದ್ದು, ಯಾರಿಗಾಗಿ ಎಂಬುದು ಮಸುಕಾಗಿದ್ದರೆ ಟ್ರಸ್ಟಿ ಅದನ್ನು ತನ್ನದು ಮಾಡಿಕೊಳ್ಳುವಂತಿಲ್ಲ. ನಡೆಸಲಾಗದ ಟ್ರಸ್ಟಿನ ಸ್ವತ್ತು ಮಾಡಿದವರಿಗೆ ಅಥವಾ ಅವರ ವಾರಸುದಾರರಿಗೆ ಮರಳಬೇಕೆಂದು ನಮ್ಮ ಕಾಯ್ದೆಯ 83ನೇ ಕಲಂ ಹೇಳುತ್ತದೆ. ಸ್ವತ್ತು ಯಾವುದೆಂದೇ ಗೊತ್ತಿಲ್ಲದಿದ್ದರೆ ಟ್ರಸ್ಟ್ ಕೂರಲು ನೆಲೆಯೇ ಇಲ್ಲ. ಇದ್ದದ್ದು ಇದ್ದವರ ಬಳಿಯೇ ಉಳಿಯುತ್ತದೆ. ಮೂರರಲ್ಲಿ ಯಾವುದು ಬಿದ್ದರೂ ಯಾರ ಹಿತಕ್ಕೆಂದು ಬರೆದರೋ ಅವರು ಬರಿಗೈಯಲ್ಲಿ ನಿಲ್ಲುತ್ತಾರೆ.

ಒಂದು ಮನೆಯ ಉಯಿಲು

ಈಗ ಇದನ್ನೆಲ್ಲ ನಮ್ಮ ನಡುವಿನ ಒಂದು ಸಂದರ್ಭಕ್ಕೆ ಹಚ್ಚಿ ನೋಡೋಣ. ಇದು ವಿವರಣೆಗಾಗಿ ಕಲ್ಪಿಸಿಕೊಂಡದ್ದು. ವಿಧವೆಯಾದ ನಿವೃತ್ತ ಶಿಕ್ಷಕಿಯೊಬ್ಬರಿಗೆ ಬುದ್ಧಿಮಾಂದ್ಯನಾದ ಮೂವತ್ತು ವರ್ಷದ ಮಗ. ಇನ್ನೊಬ್ಬಳು ಮಗಳು ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ. ಆಕೆಯ ಬಳಿ 20 ಲಕ್ಷ ರೂಪಾಯಿ ಬ್ಯಾಂಕ್ ಠೇವಣಿ ಇದೆ. ತಮ್ಮನ ಮೇಲೆ ಪ್ರಾಣದಷ್ಟು ನಂಬಿಕೆ. ಆಕೆ ಕೈಯಾರೆ ಬರೆದ ಉಯಿಲು ಹೀಗಿದೆ: 'ನನ್ನ ಹಣವನ್ನು ನನ್ನ ತಮ್ಮನಿಗೆ ಬಿಟ್ಟಿದ್ದೇನೆ. ಅದರ ಬಹುಪಾಲನ್ನು ಅವನು ನನ್ನ ಮಗನಿಗೂ ಮನೆಯವರಿಗೂ ಉಪಯೋಗಿಸಿ ಚೆನ್ನಾಗಿ ನೋಡಿಕೊಳ್ಳುತ್ತಾನೆಂಬ ನಂಬಿಕೆ ನನಗಿದೆ.'

ಅದನ್ನು ಓದಿದ ವಕೀಲರು ಕೇಳುತ್ತಾರೆ: "ಅಮ್ಮಾ, ಬಹುಪಾಲು ಅಂದ್ರೆ ಎಷ್ಟು?"

"ಅದು ನನ್ನ ತಮ್ಮನಿಗೆ ಗೊತ್ತಾಗುತ್ತೆ ಸಾರ್."

"ಮನೆಯವರು ಅಂದ್ರೆ ಮಗಳು, ಅಳಿಯ, ಮೊಮ್ಮಕ್ಕಳೂ ಸೇರ್ತಾರಾ?"

"ಅದೂ ಅವನಿಗೇ ಗೊತ್ತು."

"ನಿಮ್ಮ ತಮ್ಮನೇ ಇಲ್ಲದ ದಿನ ಬಂದ್ರೆ, ಕೋರ್ಟಿಗೆ ಗೊತ್ತಾಗಬೇಕಲ್ಲಮ್ಮ."

ಆ ದಿನವನ್ನು ಊಹಿಸಿ. ಅಕ್ಕ ತೀರಿಕೊಂಡು ಎರಡು ವರ್ಷಕ್ಕೆ ತಮ್ಮನೂ ತೀರಿಕೊಂಡರೆ, ಹಣ ಅವನ ಹೆಸರಿನಲ್ಲಿದೆ. ಅವನ ಮಕ್ಕಳು ಇದು ಅಪ್ಪನ ಆಸ್ತಿ ಎನ್ನುತ್ತಾರೆ. ಉಯಿಲಿನಲ್ಲಿ ಇರುವುದು ನಂಬಿಕೆಯ ಮಾತು, ಆಜ್ಞೆಯಲ್ಲ; ಬಹುಪಾಲು ಎಷ್ಟೆಂದಿಲ್ಲ; ಮನೆಯವರು ಯಾರೆಂದಿಲ್ಲ. ಮಗನ ಪರವಾಗಿ ವಾದಿಸುವ ವಕೀಲರಿಗೆ ಹಿಡಿಯಲು ಆಧಾರವೇ ಇಲ್ಲ. ಕೆಟ್ಟವರು ಯಾರೂ ಇಲ್ಲದ ಕಥೆಯಲ್ಲೂ ಮಗನ ಹಣ ಕೈಬಿಡುತ್ತದೆ.

ವಕೀಲರು ತಿದ್ದಿ ಬರೆದದ್ದು ಹೀಗಿರಬಹುದು: 'ಇಂಥ ಬ್ಯಾಂಕಿನ ಇಂಥ ಶಾಖೆಯಲ್ಲಿ, ಇಂಥ ಸಂಖ್ಯೆಯ ರಸೀದಿಯಲ್ಲಿರುವ ನನ್ನ ಠೇವಣಿ ಮತ್ತು ಅದರ ಬಡ್ಡಿಯನ್ನು ನನ್ನ ತಮ್ಮನು ಟ್ರಸ್ಟಿಯಾಗಿ ಹೊಂದತಕ್ಕದ್ದು. ಅದನ್ನು ನನ್ನ ಮಗನ ಊಟ, ವಸತಿ, ಚಿಕಿತ್ಸೆ, ಆರೈಕೆಗಾಗಿ, ಅವನ ಜೀವಿತಾವಧಿಯವರೆಗೆ ಮಾತ್ರ ಖರ್ಚು ಮಾಡತಕ್ಕದ್ದು. ಟ್ರಸ್ಟಿಗೆ ಇದರಲ್ಲಿ ಸ್ವಂತ ಹಕ್ಕು ಇರುವುದಿಲ್ಲ. ತಮ್ಮನು ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ ನನ್ನ ಮಗಳು ಟ್ರಸ್ಟಿಯಾಗತಕ್ಕದ್ದು. ಮಗನ ನಂತರ ಉಳಿದ ಹಣ ಮಗಳಿಗೆ ಸೇರತಕ್ಕದ್ದು.'

ಇಲ್ಲಿ 'ಹೊಂದತಕ್ಕದ್ದು', 'ಸ್ವಂತ ಹಕ್ಕು ಇರುವುದಿಲ್ಲ' ಎಂಬಲ್ಲಿ ಇರಾದೆ ಇದೆ. ರಸೀದಿಯ ಸಂಖ್ಯೆಯಲ್ಲಿ ಸ್ವತ್ತಿದೆ. ಮಗನೆಂಬಲ್ಲಿ ಫಲಾನುಭವಿ ಇದ್ದಾನೆ, ಊಟ, ಚಿಕಿತ್ಸೆಗಳಲ್ಲಿ ಉದ್ದೇಶವಿದೆ. ತಮ್ಮನ ಮಕ್ಕಳು ಈಗ ಅಪ್ಪನ ಆಸ್ತಿ ಎನ್ನುವಂತಿಲ್ಲ. ಕೊನೆಯ ವಾಕ್ಯವೂ ಮುಖ್ಯ. ಅದಿಲ್ಲದಿದ್ದರೆ ಉಳಿಕೆ ಹಣ 83ನೇ ಕಲಮಿನಂತೆ ಶಿಕ್ಷಕಿಯ ವಾರಸುದಾರರಿಗೆ ಮರಳುತ್ತದೆ, ಅವರು ಯಾರ್ಯಾರೆಂಬ ಹೊಸ ವ್ಯಾಜ್ಯ ಏಳಬಹುದು. ಠೇವಣಿಯನ್ನು ನವೀಕರಿಸಿದಾಗ ಸಂಖ್ಯೆ ಬದಲಾಗುವುದುಂಟು, ಆದ್ದರಿಂದ 'ಅದರ ಬದಲಿಗೆ ಬಂದ ಠೇವಣಿಯೂ ಸೇರಿ' ಎಂದು ಸೇರಿಸಿಕೊಳ್ಳುವುದು ಒಳ್ಳೆಯದು.

ಮೂರು ಖಚಿತತೆ ಇದ್ದ ಮಾತ್ರಕ್ಕೆ ಕೆಲಸ ಮುಗಿಯದು. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಅದನ್ನು ನೋಂದಾಯಿಸುವುದು ಕಡ್ಡಾಯವಲ್ಲ. ಬದುಕಿರುವಾಗಲೇ ಮನೆ, ಜಮೀನಿನ ಮೇಲೆ ಟ್ರಸ್ಟ್ ಮಾಡುವುದಾದರೆ ಕಾಯ್ದೆಯ 5ನೇ ಕಲಮಿನಂತೆ ಅದು ಬರಹದಲ್ಲಿ ಇರಬೇಕು, ಸಹಿಯಾಗಬೇಕು, ನೋಂದಣಿಯೂ ಆಗಬೇಕು. ಟ್ರಸ್ಟಿಗೆ ಸ್ವತ್ತನ್ನು ವರ್ಗಾಯಿಸದೆ ಕಪಾಟಿನಲ್ಲಿಟ್ಟ ಟ್ರಸ್ಟ್ ಪತ್ರ ಎಷ್ಟೇ ಖಚಿತವಾಗಿದ್ದರೂ ಫಲ ಕೊಡುವುದಿಲ್ಲ.

ಬರೆದದ್ದು ನಿಲ್ಲುತ್ತದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. ನೀವು ನಂಬಿದ ಟ್ರಸ್ಟಿಯ ಹೆಸರನ್ನು ಅಳಿಸಿ, ಆ ಜಾಗದಲ್ಲಿ ನಿಮ್ಮ ಮನೆಯವರನ್ನು ಕಂಡೇ ಇರದ ಅಪರಿಚಿತರೊಬ್ಬರನ್ನು ಕಲ್ಪಿಸಿಕೊಳ್ಳಿ. ಆ ಕಾಗದವೊಂದನ್ನೇ ಹಿಡಿದು, ಯಾರನ್ನೂ ಏನನ್ನೂ ಕೇಳದೆ, ಅವರು ಯಾವ ಸ್ವತ್ತನ್ನು ಯಾರಿಗೆ ಕೊಡಬೇಕೆಂದು ತಿಳಿದುಕೊಳ್ಳಬಲ್ಲರೇ? ಕೊಡದಿರಲು ತಮಗೆ ಸ್ವಾತಂತ್ರ್ಯವಿಲ್ಲ ಎಂಬುದು ಅವರಿಗೆ ಅರ್ಥವಾಗುತ್ತದೆಯೇ? ಎಲ್ಲಾದರೂ ಅವರು ತಡವರಿಸುವಂತಿದ್ದರೆ ನ್ಯಾಯಾಧೀಶರೂ ಅಲ್ಲೇ ತಡವರಿಸುತ್ತಾರೆ. ಆ ವಾಕ್ಯವನ್ನು ವಕೀಲರೆದುರು ಕೂತು ಇವತ್ತೇ ತಿದ್ದಿಸಿ. ಉಯಿಲು ತೆರೆಯುವ ದಿನ ತಿದ್ದಲು ಅದನ್ನು ಬರೆದವರು ಇರುವುದಿಲ್ಲ.